ಭಾನುವಾರದ 15 ನಿಮಿಷ: ನಮ್ಮ ಮನೆಯ ಫೈಲು ಮತ್ತು ಬ್ಯಾಕಪ್ ನೋಡಿಕೊಳ್ಳುವ ಕ್ರಮ

ಪ್ರತಿ ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ, 9 ಗಂಟೆಗೆ, ಮನೆಯ ನಾಲ್ಕು ಫೋನುಗಳನ್ನೂ ಲ್ಯಾಪ್‌ಟಾಪನ್ನೂ ಜಗಲಿಯ ಮೇಜಿಗೆ ತಂದು ಈ ಕೆಲಸವನ್ನು ಆರಂಭಿಸಬೇಕು. ಸಂಜೆಯ ಹೊತ್ತನ್ನು ಬೇಕೆಂದೇ ಬಿಡಲಾಗಿದೆ; ತುಲಾ ತಿಂಗಳಲ್ಲಿ ನಮ್ಮ ಕಾಸರಗೋಡಿನ ಕಡೆ ಮಧ್ಯಾಹ್ನ ಕಳೆದ ಮೇಲೆ ಗುಡುಗು ಸಿಡಿಲು ಸಾಮಾನ್ಯವಾದುದರಿಂದ ರೂಟರಿನ ಪ್ಲಗ್ ಕಿತ್ತಿಡಬೇಕಾಗುತ್ತದೆ. ಈ ವಾರ ಅಪ್ಪ, ಮುಂದಿನ ವಾರ ಅಮ್ಮ ಎಂಬಂತೆ ಸರದಿಯಲ್ಲಿ ಒಬ್ಬರು ನಡೆಸಬೇಕು, ಏಕೆಂದರೆ ಒಬ್ಬರಿಗೇ ಗೊತ್ತಿರುವ ಕೆಲಸ ಅವರು ಊರಿನಲ್ಲಿಲ್ಲದ ದಿನ ನಿಂತುಹೋಗುತ್ತದೆ. ಅಜ್ಜನ ಫೋನನ್ನು ಅವರ ಎದುರಿನಲ್ಲಿಯೇ ತೆರೆಯಬೇಕು, ಅವರನ್ನು ಕೇಳದೆ ಅದರಿಂದ ಏನನ್ನೂ ಅಳಿಸಬಾರದು.

ಮೊದಲ 4 ನಿಮಿಷ: ಈ ವಾರ ಬಂದದ್ದು ಮಾತ್ರ

ಹಳೆಯ ರಾಶಿಗೆ ಕೈ ಹಾಕಿದರೆ ಮಧ್ಯಾಹ್ನದ ಊಟದವರೆಗೂ ಮುಗಿಯದು. ಆದ್ದರಿಂದ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಮತ್ತು ವಾಟ್ಸಾಪಿನಲ್ಲಿ ಕಳೆದ ಏಳು ದಿನಗಳಲ್ಲಿ ಬಂದ ಕಾಗದಪತ್ರಗಳನ್ನಷ್ಟೇ ನೋಡಿ, ಭೂತೆರಿಗೆಯ ರಶೀದಿ, ವಿದ್ಯುತ್ ಬಿಲ್ಲು, ಅಡಿಕೆ ಮಾರಿದ ಚೀಟಿ, ಮಕ್ಕಳ ಅಂಕಪಟ್ಟಿ ಮುಂತಾದವನ್ನು ಗೂಗಲ್ ಡ್ರೈವಿನಲ್ಲಿರುವ ಜಾಗ, ತೋಟ, ಶಾಲೆ, ಆರೋಗ್ಯ ಎಂಬ ನಾಲ್ಕು ಫೋಲ್ಡರುಗಳಿಗೆ ಸೇರಿಸಬೇಕು. ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಅನುಕ್ರಮದಲ್ಲಿ ಮೊದಲು ಬರಬೇಕು. ಹೀಗೆ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

```
2025-10-05_bhooterige_ajja.pdf
```

ಶುಭೋದಯದ ಚಿತ್ರಗಳನ್ನು ಯೋಚಿಸದೆ ಅಳಿಸಬಹುದು.

ಮುಂದಿನ 9 ನಿಮಿಷ: ಬ್ಯಾಕಪ್ ನಿಜವಾಗಿ ನಡೆಯುತ್ತಿದೆಯೇ

ಸಮಯ ಸಾಲದ ವಾರ ಮೇಲಿನ ಭಾಗವನ್ನು ಬಿಡಬಹುದು, ಇದನ್ನು ಬಿಡುವಂತಿಲ್ಲ. ಪ್ರತಿ ಫೋನಿನಲ್ಲಿಯೂ ಗೂಗಲ್ ಫೋಟೋಸ್ ತೆರೆದು ಮೇಲಿನ ಮೂಲೆಯ ಖಾತೆಯ ಚಿತ್ರವನ್ನು ಮುಟ್ಟಿ, ಬ್ಯಾಕಪ್ ಪೂರ್ಣಗೊಂಡಿದೆಯೇ, ತಡೆದು ನಿಂತಿದೆಯೇ ಎಂಬುದನ್ನು ಓದಬೇಕು. ಅದು ವೈಫೈ ಸಿಗದೆ ಕಾಯುತ್ತಿರಬಹುದು, ಬ್ಯಾಟರಿ ಉಳಿಸುವ ವ್ಯವಸ್ಥೆಯಿಂದ ನಿಂತಿರಬಹುದು, ಇಲ್ಲವೇ ಜಾಗ ತುಂಬಿರಬಹುದು. ವಾಟ್ಸಾಪಿನ ಚಿತ್ರಗಳ ಫೋಲ್ಡರನ್ನು ಬ್ಯಾಕಪ್ಪಿಗೆ ಪ್ರತ್ಯೇಕವಾಗಿ ಸೇರಿಸಬೇಕಾಗುವುದರಿಂದ, ಹೊಸ ಫೋನು ಕೊಂಡಾಗ ಅದನ್ನು ಮರೆಯಬಾರದು. ವಾಟ್ಸಾಪಿನ ಮಾತುಕತೆಗಳಿಗಾಗಿ Settings > Chats > Chat backup ಎಂಬಲ್ಲಿಗೆ ಹೋಗಿ ಕೊನೆಯ ಬ್ಯಾಕಪ್ಪಿನ ದಿನಾಂಕವನ್ನು ನೋಡಬೇಕು. ಅದು ಒಂದು ವಾರಕ್ಕಿಂತ ಹಳೆಯದಾಗಿದ್ದರೆ ಅಲ್ಲಿಯೇ ಬ್ಯಾಕಪ್ ಆರಂಭಿಸಬೇಕು.

ಪರದೆಯ ಮೇಲಿನ ಮಾತನ್ನು ಮಾತ್ರ ನಂಬಿ ಕೂರುವುದು ಸಾಲದು. ಅಮ್ಮನ ಫೋನಿನಲ್ಲಿ ಈ ವಾರ ತೆಗೆದ ಒಂದು ಫೋಟೋವನ್ನು, ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಅಮ್ಮನ ಖಾತೆಗೆ ಪ್ರವೇಶಿಸಿ ಹುಡುಕಿ ತೆರೆಯಬೇಕು. ಮರುವಾರ ಇನ್ನೊಬ್ಬರ ಖಾತೆ. ಅದು ಅಲ್ಲಿ ತೆರೆದುಕೊಂಡರೆ ಮಾತ್ರ ಬ್ಯಾಕಪ್ ಇದೆ ಎಂದು ಲೆಕ್ಕ. ಲ್ಯಾಪ್‌ಟಾಪಿನ ಗಡಿಯಾರದ ಪಕ್ಕದಲ್ಲಿರುವ ಡ್ರೈವಿನ ಗುರುತನ್ನೂ ಒತ್ತಿ ನೋಡಬೇಕು, ಏಕೆಂದರೆ ಪಾಸ್‌ವರ್ಡ್ ಬದಲಾಯಿಸಿದ ಬಳಿಕ ಖಾತೆಯಿಂದ ಹೊರಬಿದ್ದಿದ್ದರೂ ಕಂಪ್ಯೂಟರು ಏನೂ ಆಗದಂತೆ ನಡೆಯುತ್ತಲೇ ಇರುತ್ತದೆ.

ಗೂಗಲಿನ ಉಚಿತ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಪಾಲಿದೆ, ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪಿಗೂ ಅದೇ ಜಾಗ. ಅದು ತುಂಬಿದರೆ ಫೋಟೋಗಳು ಮಾತ್ರವಲ್ಲ, ಮಿಂಚಂಚೆಯೂ ಬಾರದಾಗುತ್ತದೆ, ಮಂಗಳೂರಿನಲ್ಲಿ ಓದುತ್ತಿರುವ ಮಗಳ ಕಾಲೇಜಿನ ಪತ್ರಗಳೂ ಸೇರಿ. ಆದುದರಿಂದ ಬಳಕೆ 12 ಜಿಬಿ ದಾಟಿದ ಖಾತೆಯಲ್ಲಿ ಅದೇ ವಾರ ದೊಡ್ಡ ವಿಡಿಯೋಗಳನ್ನು ತೆಗೆಯಬೇಕು. ಆದರೆ ಗೂಗಲ್ ಫೋಟೋಸಿನೊಳಗೆ ಅಳಿಸಿದ ಚಿತ್ರ ಫೋನು ಮತ್ತು ಕ್ಲೌಡ್ ಎರಡರಿಂದಲೂ ಹೋಗುತ್ತದೆ ಎಂಬುದನ್ನು ಮಕ್ಕಳು ಮರೆಯಬಾರದು. ಬ್ಯಾಕಪ್ ಆಗಿದ್ದ ಚಿತ್ರ ಕಸದ ಬುಟ್ಟಿಯಲ್ಲಿ 60 ದಿನ ಉಳಿಯುತ್ತದೆ, ಡ್ರೈವಿನ ಬುಟ್ಟಿಯಲ್ಲಿ ಫೈಲು 30 ದಿನ ಮಾತ್ರ.

ಕೊನೆಯ 2 ನಿಮಿಷ: ಪುಸ್ತಕದಲ್ಲಿ ಬರೆಯುವುದು

ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ದಿನಾಂಕ, ನೋಡಿದವರ ಹೆಸರು, ಪ್ರತಿ ಖಾತೆಯ ಬಳಕೆ, ಸರಿಯಾಗದೆ ಉಳಿದದ್ದು ಇಷ್ಟನ್ನು ಒಂದು ಸಾಲಿನಲ್ಲಿ ಬರೆಯಬೇಕು. ಪಾಸ್‌ವರ್ಡನ್ನು ಆ ಪುಸ್ತಕದಲ್ಲಿ ಬರೆಯಕೂಡದು. ತಿಂಗಳ ಮೊದಲ ಭಾನುವಾರ ನಾಲ್ಕು ಫೋಲ್ಡರುಗಳನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಲು ಹಾಕಿ ಬೇರೆ ಕೆಲಸಕ್ಕೆ ಹೋಗಬಹುದು. ಮುಗಿದೊಡನೆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ ಕಪಾಟಿನಲ್ಲಿಡಬೇಕು, ಸಿಡಿಲಿಗಾಗಲಿ ವೈರಸ್ಸಿಗಾಗಲಿ ಎರಡೂ ಒಟ್ಟಿಗೆ ಸಿಕ್ಕಬಾರದು. ಮದುವೆ, ಪೂಜೆಗಳ ಭಾನುವಾರ ಈ ಕೆಲಸ ತಪ್ಪಿದರೆ ಸೋಮವಾರ ಬೆಳಗ್ಗೆ ಬ್ಯಾಕಪ್ಪಿನ ಭಾಗವನ್ನಷ್ಟೇ ಮಾಡಿ, ಪುಸ್ತಕದಲ್ಲಿ ಹಾಗೆಂದೇ ಬರೆಯತಕ್ಕದ್ದು.