ಆರು ತಿಂಗಳು ತುಂಬಿದ ಮಗುವಿಗೆ ಮನೆಯ ಊಟ: ತಾಯಂದಿರ ಸಭೆಯಲ್ಲಿ ಹೇಳಬೇಕಾದ ಮಾತು

ಸ್ಥಳ: ಲಗ್ಗೆರೆಯ ಅಂಗನವಾಡಿ ಕೇಂದ್ರ. ಅವಧಿ: 45 ನಿಮಿಷ. ಐದರಿಂದ ಒಂಬತ್ತು ತಿಂಗಳ ಮಕ್ಕಳ ತಾಯಂದಿರಿಗೆ. ಅಜ್ಜಿಯರನ್ನೂ ಕರೆಯಿರಿ. ತಾಯಿ ಗಾರ್ಮೆಂಟ್ಸ್‌ಗೆ ಹೋದಮೇಲೆ ಉಣಿಸುವವರು ಅವರೇ.

ಎದುರಿಗೆ ಇಟ್ಟುಕೊಳ್ಳಬೇಕಾದದ್ದು: ಒಲೆ, ಚಿಕ್ಕ ಪಾತ್ರೆ, ರಾಗಿ ಸರಿ ಹಿಟ್ಟು, ತುಪ್ಪ, ಬೆಂದ ಹೆಸರುಬೇಳೆ, ಅದರ ಕಟ್ಟು ಬೇರೆ ಲೋಟದಲ್ಲಿ, ಏಲಕ್ಕಿ ಬಾಳೆಹಣ್ಣು, 250 ಮಿ.ಲೀ. ಹಿಡಿಯುವ ಬಟ್ಟಲು, ಊಟದ ಚಮಚ (15 ಮಿ.ಲೀ.), ಟೀ ಚಮಚ (5 ಮಿ.ಲೀ.), ಕೈ ತೊಳೆಯಲು ಸೋಪು, ನೀರು.

(ಎಲ್ಲರೂ ಕೂತ ಮೇಲೆ ಶುರು ಮಾಡಿ. ಕಾರ್ಡ್ ನೋಡಿ ಓದಬೇಡಿ, ಮುಖ ನೋಡಿ ಮಾತಾಡಿ.)

ಎಲ್ಲರಿಗೂ ನಮಸ್ಕಾರ. ಅಮ್ಮಂದಿರೇ, ಅಜ್ಜಿಯರೇ, ಮೊದಲು ಒಂದು ಆಟ. ಇಲ್ಲಿ ಎರಡು ಪಾತ್ರೆ ಇದೆ. ಒಂದರಲ್ಲಿ ಬೇಳೆಕಟ್ಟು, ಇನ್ನೊಂದರಲ್ಲಿ ಬೆಂದ ಬೇಳೆ. ಯಾವುದನ್ನು ಮಗುವಿಗೆ ಕೊಡ್ತೀರಾ?

(ಬಹಳ ಜನ ಕಟ್ಟು ಅಂತಾರೆ. ನಗಬೇಡಿ, ತಪ್ಪು ಅಂತಲೂ ಹೇಳಬೇಡಿ. ಒಂದೊಂದರಿಂದ ಒಂದೊಂದು ಚಮಚ ತೆಗೆದು ಓರೆ ಮಾಡಿ ತೋರಿಸಿ.)

ನೋಡಿ, ಕಟ್ಟು ಥಟ್ಟಂತ ಸುರಿದುಹೋಯ್ತು. ಮಸೆದ ಬೇಳೆ ಚಮಚಕ್ಕೆ ಅಂಟಿಕೊಂಡು ನಿಧಾನಕ್ಕೆ ಜಾರುತ್ತಿದೆ. ಮಗುವಿನ ಊಟ ಹೀಗೆ ಜಾರಬೇಕು. ನಿಮ್ಮ ಮಗುವಿನ ಹೊಟ್ಟೆ ಚಿಕ್ಕದು, ಒಂದು ಸಲಕ್ಕೆ ಒಂದು ಬಟ್ಟಲಿಗಿಂತ ಹೆಚ್ಚು ಹಿಡಿಯಲ್ಲ. ಅದನ್ನು ಗಂಜಿ ತಿಳಿ, ಬೇಳೆಕಟ್ಟು, ತರಕಾರಿ ಬೇಯಿಸಿದ ನೀರಿಂದ ತುಂಬಿಸಿದರೆ ಹೊಟ್ಟೆ ಉಬ್ಬುತ್ತೆ, ತೂಕ ಏರಲ್ಲ. ಹೊಟ್ಟೆ ತುಂಬಿದ್ದರಿಂದ ಎದೆಹಾಲೂ ಕಡಿಮೆ ಕುಡಿಯುತ್ತೆ. ಹಾಗಾಗಿ ನಷ್ಟ ಎರಡು ಕಡೆಯಿಂದ.

ಬಸ್ಸಾರು ಮಾಡುವ ಮನೆಗಳಲ್ಲಿ ಕಟ್ಟು ಮಗುವಿಗೆ, ಸೊಪ್ಪು-ಕಾಳು ದೊಡ್ಡವರ ಪಲ್ಯಕ್ಕೆ ಹೋಗುತ್ತೆ. ಇವತ್ತಿನಿಂದ ತಿರುಗಿಸಿ. ಖಾರ, ಉಪ್ಪು ಹಾಕುವ ಮೊದಲೇ ಬೆಂದ ಸೊಪ್ಪು-ಬೇಳೆ ಒಂದು ಸೌಟು ತೆಗೆದಿಡಿ, ನುಣ್ಣಗೆ ಮಸೆದು ಮಗುವಿಗೆ ಕೊಡಿ. ಬೇರೆ ಅಡುಗೆಯೇ ಬೇಕಿಲ್ಲ.

ಆರು ತಿಂಗಳೇ ಯಾಕೆ? ಅಲ್ಲಿಯವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಆರು ತಿಂಗಳ ಹೊತ್ತಿಗೆ ಹುಟ್ಟುವಾಗ ತಂದುಕೊಂಡ ಕಬ್ಬಿಣಾಂಶ ಮುಗಿಯುತ್ತಾ ಬರುತ್ತೆ, ಎದೆಹಾಲಲ್ಲಿ ಕಬ್ಬಿಣ ತುಂಬಾ ಕಡಿಮೆ. 6ರಿಂದ 8 ತಿಂಗಳಲ್ಲಿ ಎದೆಹಾಲಿನ ಮೇಲೆ ದಿನಕ್ಕೆ ಸುಮಾರು 200 ಕ್ಯಾಲೊರಿ ಊಟದಿಂದ ಬರಬೇಕು, 9ರಿಂದ 11 ತಿಂಗಳಲ್ಲಿ ಸುಮಾರು 300. ನಾಲ್ಕು ತಿಂಗಳಿಗೇ ಶುರು ಮಾಡಿದರೆ ಭೇದಿ, ಸೋಂಕಿನ ಅಪಾಯ. ಒಳ್ಳೆಯ ದಿನ ನೋಡಿ ಅನ್ನಪ್ರಾಶನ ಮಾಡೋಣ ಅಂತ ಎಂಟು ತಿಂಗಳವರೆಗೆ ಕಾದರೆ ರಕ್ತಹೀನತೆಯ ಅಪಾಯ. ಶಾಸ್ತ್ರ ಯಾವತ್ತಾದರೂ ಮಾಡಿ, ಊಟ ಮಾತ್ರ 180 ದಿನ ತುಂಬಿದ ಕೂಡಲೇ ಶುರುವಾಗಲಿ. ಎದೆಹಾಲು ಎರಡು ವರ್ಷ ಮತ್ತು ಅದರಾಚೆಗೂ ಮುಂದುವರಿಯಲಿ.

(ಈಗ ಒಲೆ ಹಚ್ಚಿ. ಸರಿ ಕುದಿಯುವಾಗ ಮಾತು ಮುಂದುವರಿಸಿ.)

ರಾಗಿ ಸರಿ ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಆದರೂ ಕೆಲವು ಕಡೆ ಕೆಡುತ್ತೆ, ಕೇಳಿ. ರಾಗಿ ಆರಿಸಿ, ತೊಳೆದು, 10ರಿಂದ 12 ಗಂಟೆ ನೆನೆಸಿ. ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿ. ಬಟ್ಟೆ ಒಣಗದ ಹಾಗೆ ಆಗಾಗ ನೀರು ಚಿಮುಕಿಸಿ. ಒಂದು, ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಕಾಣುತ್ತೆ. ನಮ್ಮೂರ ಮಳೆ, ಮೋಡದ ದಿನಗಳಲ್ಲಿ ಮುಗ್ಗಲು ವಾಸನೆ ಬಂದರೆ ಅಥವಾ ಬೂಷ್ಟು ಹಿಡಿದರೆ ತೊಳೆದು ಉಳಿಸಿಕೊಳ್ಳಬೇಡಿ, ಎಸೆಯಿರಿ. ಆಮೇಲೆ ಗರಿಗರಿ ಆಗುವವರೆಗೆ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿಯಿರಿ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಅನ್ನೋ ಕಿಣ್ವ ರಾಗಿಯ ಪಿಷ್ಟವನ್ನು ಒಡೆಯುತ್ತೆ. ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿ ಕಲ್ಲಾಗಲ್ಲ. ಕಪ್ಪಗೆ ಹುರಿದರೆ ಆ ಶಕ್ತಿ ಸತ್ತುಹೋಗುತ್ತೆ, ಆಮೇಲೆ ನೀವು ನೀರು ಸುರಿದು ತೆಳು ಮಾಡ್ತೀರಿ.

ಗಿರಣಿಯಲ್ಲಿ ಹಾಕಿಸುವಾಗ ಮೆಣಸಿನಕಾಯಿ ಪುಡಿ ಮಾಡಿಸಿದವರ ಬೆನ್ನಿಗೆ ನಿಲ್ಲಬೇಡಿ. ಬೆಳಗ್ಗೆ ಮೊದಲ ಸರದಿಗೆ ಹೋಗಿ. ಇನ್ನೊಂದು: ಬಾದಾಮಿ, ಗೋಡಂಬಿ, ಹತ್ತು ಹನ್ನೆರಡು ಕಾಳು ಸೇರಿಸಿದ ಪುಡಿ ಮೊದಲ ತಿಂಗಳಿಗೆ ಬೇಡ. ಮೈಮೇಲೆ ದದ್ದು ಎದ್ದರೆ ಯಾವುದರಿಂದ ಅಂತ ತಿಳಿಯಲ್ಲ, ಎಣ್ಣೆಕಾಳಿನ ಪುಡಿ ಬೇಗ ಕಮಟು ವಾಸನೆಯೂ ಬರುತ್ತೆ. ರಾಗಿ ಒಂದನ್ನೇ ಮಾಡಿ, ತೆಳು ಬಟ್ಟೆಯಲ್ಲಿ ಜಾಲಿಸಿ, ಒಣ ಡಬ್ಬಿಯಲ್ಲಿಡಿ. ಒಂದು ತಿಂಗಳಿಗೆ ಆಗುವಷ್ಟು ಸಾಕು.

(ಅಳತೆ ಎಲ್ಲರಿಗೂ ಕಾಣುವಂತೆ ಮಾಡಿ.)

ಎರಡು ಊಟದ ಚಮಚ ಹಿಟ್ಟು. ಅದನ್ನು ಕಾಲು ಬಟ್ಟಲು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ. ಕುದಿಯುವ ನೀರಿಗೆ ಹಿಟ್ಟು ನೇರ ಸುರಿದರೆ ಗಂಟು ಒಳಗೆ ಬೇಯಲ್ಲ, ಹೊಟ್ಟೆ ನುಲಿಯುತ್ತೆ. ಬೇರೆ ಪಾತ್ರೆಯಲ್ಲಿ ಅರ್ಧ ಬಟ್ಟಲಿಗಿಂತ ಸ್ವಲ್ಪ ಹೆಚ್ಚು ನೀರು ಕುದಿಸಿ, ಕಲಸಿದ್ದನ್ನು ಹಾಕಿ, ಸಣ್ಣ ಉರಿಯಲ್ಲಿ 7-8 ನಿಮಿಷ ತಿರುಗಿಸುತ್ತಿರಿ. ಹಸಿ ವಾಸನೆ ಹೋಗಿ ಹೊಳಪು ಬರಬೇಕು. ಇಳಿಸಿದ ಮೇಲೆ ಒಂದು ಟೀ ಚಮಚ ತುಪ್ಪ. ಆ ಒಂದು ಚಮಚದಲ್ಲೇ ಸುಮಾರು 45 ಕ್ಯಾಲೊರಿ ಇದೆ, ಹೊಟ್ಟೆಯಲ್ಲಿ ಜಾಗ ಮಾತ್ರ ಹಿಡಿಯಲ್ಲ. ತುಪ್ಪ ಇಲ್ಲದ ಮನೆಯಲ್ಲಿ ಅಡುಗೆ ಎಣ್ಣೆಯೂ ಆಗುತ್ತೆ. ಉಪ್ಪು, ಸಕ್ಕರೆ, ಬೆಲ್ಲ ಒಂದು ವರ್ಷದವರೆಗೆ ಬೇಡ. "ಸಪ್ಪೆ" ಅನ್ನಿಸೋದು ನಮ್ಮ ನಾಲಿಗೆಗೆ.

ಮೊದಲ ದಿನ ಇದರಲ್ಲಿ ಎರಡು ಮೂರು ಚಮಚ ತಿಂದರೆ ಗೆದ್ದ ಹಾಗೆ. ಉಗುಳುತ್ತೆ. ನಾಲಿಗೆಯಿಂದ ಹೊರಗೆ ತಳ್ಳುತ್ತೆ. ಅದು ಇಷ್ಟವಿಲ್ಲ ಅಂತಲ್ಲ. ಇದುವರೆಗೆ ಚೀಪಲು ಮಾತ್ರ ಗೊತ್ತಿದ್ದ ನಾಲಿಗೆ ಈಗ ನುಂಗುವುದನ್ನು ಕಲಿಯುತ್ತಿದೆ. ಎಂಟು ಹತ್ತು ಸಲ ಬೇರೆ ಬೇರೆ ದಿನ ಕೊಟ್ಟು ನೋಡುವವರೆಗೆ "ನನ್ನ ಮಗು ಇದು ತಿನ್ನಲ್ಲ" ಅನ್ನಬೇಡಿ.

8 ತಿಂಗಳವರೆಗೆ ದಿನಕ್ಕೆ 2-3 ಸಲ, ನಿಧಾನಕ್ಕೆ ಪ್ರತಿ ಸಲ ಅರ್ಧ ಬಟ್ಟಲಿಗೆ ಏರಿಸಿ. 9ರಿಂದ 11 ತಿಂಗಳು 3-4 ಸಲ, ಅರ್ಧ ಬಟ್ಟಲು, ಜೊತೆಗೆ ಹಣ್ಣೋ ಇಡ್ಲಿಯೋ ಒಂದೆರಡು ಸಲ. ವರ್ಷವಾದ ಮೇಲೆ ಮುಕ್ಕಾಲು ಬಟ್ಟಲಿಂದ ಒಂದು ಬಟ್ಟಲು. ಹದವೂ ಬದಲಾಗಬೇಕು: ಆರಕ್ಕೆ ನುಣ್ಣಗೆ, ಎಂಟಕ್ಕೆ ಬೆರಳಲ್ಲಿ ಮಸೆದದ್ದು, ಒಂಬತ್ತು ಹತ್ತಕ್ಕೆ ಮೆತ್ತಗಿನ ಮುದ್ದೆಯ ಚೂರು, ಕೈಯಲ್ಲಿ ಹಿಡಿಯುವ ಬೆಂದ ಕ್ಯಾರೆಟ್. ಹತ್ತು ತಿಂಗಳಾದರೂ ಮಿಕ್ಸಿಗೆ ಹಾಕಿಯೇ ಕೊಟ್ಟರೆ ಅಗಿಯುವುದನ್ನು ಕಲಿಯಲು ತಡವಾಗುತ್ತೆ.

(ಸರಿ ಇಳಿಸಿ, ಆರಲು ಬಿಡಿ.)

ರಾಗಿಯೊಂದೇ ದಿನಾ ಬೇಡ. ಎರಡನೇ ವಾರದಿಂದ ಪೊಂಗಲ್ ಹದದ ಅನ್ನ-ಬೇಳೆ: ಎರಡು ಊಟದ ಚಮಚ ಅಕ್ಕಿ, ಒಂದು ಚಮಚ ಹೆಸರುಬೇಳೆ, ಒಂದು ತುಂಡು ಸಿಹಿಕುಂಬಳ, ಒಂದು ಹಿಡಿ ಎಳೆ ದಂಟಿನ ಸೊಪ್ಪು ಅಥವಾ ನುಗ್ಗೆಸೊಪ್ಪು. ಕುಕ್ಕರ್‌ನಲ್ಲಿ ನಾಲ್ಕೈದು ವಿಷಲ್, ನೀರು ಬಸಿಯದೆ ಮಸೆಯಿರಿ, ತುಪ್ಪ, ಮೂರು ನಾಲ್ಕು ಹನಿ ನಿಂಬೆರಸ. ಹುಳಿಯಲ್ಲಿರುವ ವಿಟಮಿನ್ ಸಿ ಇದ್ದರೆ ಸೊಪ್ಪು-ಬೇಳೆಯ ಕಬ್ಬಿಣ ಮೈಗೆ ಹತ್ತುತ್ತೆ. ಅದಕ್ಕೇ ನಿಂಬೆ, ರುಚಿಗಲ್ಲ. ಹೊಸ ಪದಾರ್ಥ ಒಂದೊಂದಾಗಿ, ಎರಡು ಮೂರು ದಿನದ ಅಂತರದಲ್ಲಿ.

ಮೊಟ್ಟೆ ತಿನ್ನುವ ಮನೆಯವರು ಪೂರ್ತಿ ಬೆಂದ ಮೊಟ್ಟೆ ಆರು ತಿಂಗಳಿಂದಲೇ ಕೊಡಿ, ಕಾಲು ಭಾಗದಿಂದ ಶುರು. ಮಾಂಸ, ಮೀನು ಮುಳ್ಳು ಮೂಳೆ ತೆಗೆದು ನುಣ್ಣಗೆ ಮಾಡಿ. ಮೊಸರು ಆಗುತ್ತೆ. ಹಸುವಿನ ಹಾಲನ್ನು ಕುಡಿಯುವ ಹಾಲಾಗಿ ಒಂದು ವರ್ಷದವರೆಗೆ ಬೇಡ. ಜೇನುತುಪ್ಪವಂತೂ ನಾಲಿಗೆಗೆ ನೆಕ್ಕಿಸುವುದೂ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ವರ್ಷದೊಳಗಿನ ಮಗುವಿನ ಕರುಳಲ್ಲಿ ವಿಷ ಹುಟ್ಟಿಸಬಲ್ಲದು. ಟೀ, ಬಿಸ್ಕತ್ತು: ಇಲ್ಲ. ಇದರ ಬಗ್ಗೆ ಚರ್ಚೆ ಬೇಡ, ಅಜ್ಜಿಯರೇ.

ಹೇಗೆ ಉಣಿಸೋದು? ಕೂರಿಸಿ, ಎದುರಿಗೆ ನೀವು ಕೂತು, ಚಮಚದಲ್ಲಿ. ಮಲಗಿಸಿ ಒಳಲೆಯಲ್ಲಿ ಗಂಜಿ ಹುಯ್ಯಬೇಡಿ, ಅದು ಶ್ವಾಸಕೋಶಕ್ಕೆ ಹೋಗಬಹುದು. ಹಾಲಿನ ಬಾಟಲಿ ಬೇಡ, ಮೂಲೆಯಲ್ಲಿ ರೋಗಾಣು ಉಳಿಯುತ್ತೆ. ಫೋನ್ ತೋರಿಸಿ ಬಾಯಿ ತೆರೆಸಿದರೆ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ. ಮುಖ ತಿರುಗಿಸಿದರೆ ನಿಲ್ಲಿಸಿ, ಮೂಗು ಹಿಡಿದು ತುರುಕಬೇಡಿ. ನಿಮ್ಮ ಕೈ, ಮಗುವಿನ ಕೈ ಎರಡನ್ನೂ ಸೋಪಲ್ಲಿ ತೊಳೆಯಿರಿ. ಟ್ಯಾಂಕರ್ ನೀರಾಗಲಿ, ಕ್ಯಾನ್ ನೀರಾಗಲಿ, ಕುದಿಸಿ ಆರಿಸಿಯೇ ಕೊಡಿ. ಮಾಡಿದ ಊಟ ಎರಡು ಗಂಟೆಯೊಳಗೆ ಮುಗಿಯಲಿ. ಮಧ್ಯಾಹ್ನದ್ದು ಬೆಳಗ್ಗೆಯೇ ಮಾಡಿಟ್ಟು ಹೋಗುವ ಬದಲು ಹಿಟ್ಟು, ತುಪ್ಪ ಅಳೆದಿಟ್ಟು ಅಜ್ಜಿಗೆ ಬಿಸಿ ಬಿಸಿ ಮಾಡಲು ಹೇಳಿ.

(ಸಾಮಾನ್ಯವಾಗಿ ಬರುವ ಪ್ರಶ್ನೆಗಳು)

"ಟೀಚರ್, ಗಂಟಲಿಗೆ ಸಿಕ್ಕಿಕೊಂಡರೆ?" ಮಗು ಕೆಮ್ಮುತ್ತಾ, ಓಕರಿಸುತ್ತಾ ಇದ್ದರೆ ತಾನೇ ಹೊರಹಾಕುತ್ತೆ, ಬೆರಳು ಹಾಕಬೇಡಿ. ಶಬ್ದವೇ ಇಲ್ಲದೆ ಮುಖ ನೀಲಿಯಾದರೆ ತಲೆ ಕೆಳಗಾಗುವಂತೆ ಮುಂಗೈ ಮೇಲೆ ಕವುಚಿ ಹಾಕಿ, ಬೆನ್ನಿಗೆ ಹೆಗಲಮೂಳೆಗಳ ನಡುವೆ ಐದು ಪೆಟ್ಟು. ಬರದಿದ್ದರೆ ಮಗುಚಿ, ಎದೆಯ ನಡುವೆ ಎರಡು ಬೆರಳಲ್ಲಿ ಐದು ಒತ್ತು. ಹೊರಬರುವವರೆಗೆ ಹೀಗೇ ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ಮಗುವಿನ ಕೈಗೆ ಸಿಗಬಾರದು.

"ಭೇದಿ ಆದಾಗ ಊಟ ನಿಲ್ಲಿಸಬೇಕಾ?" ನಿಲ್ಲಿಸಬೇಡಿ. ಎದೆಹಾಲು ಹೆಚ್ಚಿಸಿ, ಊಟ ಸ್ವಲ್ಪ ಸ್ವಲ್ಪ ಆಗಾಗ ಕೊಡಿ. ಒಂದು ಲೀಟರ್ ನೀರಿನ ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಒಂದೇ ಸಲ ಕರಗಿಸಿ, ಪ್ರತಿ ಭೇದಿಯ ನಂತರ ಚಮಚದಲ್ಲಿ 50-100 ಮಿ.ಲೀ. ಕೊಡಿ. ಝಿಂಕ್ 20 ಮಿ.ಗ್ರಾಂ 14 ದಿನ, ಭೇದಿ ನಿಂತ ಮೇಲೂ. ಮಗು ಚೇತರಿಸಿಕೊಂಡ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು. ರಕ್ತ ಬಿದ್ದರೆ, ಕುಡಿಯಲಾಗದಿದ್ದರೆ, ಕಣ್ಣು ಗುಳಿಬಿದ್ದರೆ ತಕ್ಷಣ ಆಸ್ಪತ್ರೆಗೆ.

"ಕಬ್ಬಿಣದ ಸಿರಪ್ ಕೊಟ್ಟ ಮೇಲೆ ಮಲ ಕಪ್ಪಾಗಿದೆ." ಅದು ಸಹಜ, ನಿಲ್ಲಿಸಬೇಡಿ. ವಾರಕ್ಕೆ ಎರಡು ದಿನ, ಒಂದು ಮಿ.ಲೀ., ಊಟದ ನಂತರ.

(ಈಗ ಆರಿದ ಸರಿಯನ್ನು ಆರು ತಿಂಗಳು ತುಂಬಿದ ಮಗುವಿಗೆ ಆ ತಾಯಿಯ ಕೈಯಲ್ಲೇ ಉಣಿಸಿ. ಉಳಿದವರು ಚಮಚ ಓರೆ ಮಾಡಿ ಹದ ನೋಡಲಿ. ಕಡೆಗೆ ಎಲ್ಲ ಮಕ್ಕಳ ತೂಕ ಹಾಕಿ ತಾಯಿ ಕಾರ್ಡಿನಲ್ಲಿ ಬರೆಯಿರಿ. ಕಳೆದ ತಿಂಗಳಿಂದ ತೂಕ ಏರದ ಮಗುವಿನ ತಾಯಿಯನ್ನು ಉಳಿಸಿಕೊಂಡು, ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು, ಎಷ್ಟು ಕೊಟ್ಟರು ಅಂತ ಬಟ್ಟಲು ತೋರಿಸಿ ಕೇಳಿ.)