ಪೂರ್ವದ ಬಾಲ್ಕನಿಯ ಕೈತೋಟ: ಚಿತ್ರಕ್ಕೆ ಎರಡು ಪ್ರಾಂಪ್ಟ್‌ಗಳು

ಮೊದಲನೆಯದು: ಕಾರವಾರದ ಮನೆಯೊಂದರ ಎರಡನೇ ಮಹಡಿ. ಪೂರ್ವಕ್ಕೆ ತೆರೆದ ಬಾಲ್ಕನಿ, 8 ಅಡಿ ಉದ್ದ, ಮೂರೂವರೆ ಅಡಿ ಅಗಲ. ನೈಜ ಛಾಯಾಚಿತ್ರದಂತಿರಲಿ, ಬಾಗಿಲ ಬಳಿ ಕುಳಿತವರ ಕಣ್ಣಿನ ಎತ್ತರದಿಂದ ನೋಟ. ನವೆಂಬರ್, ಬೆಳಗಿನ ಏಳೂವರೆ. ಗುಡ್ಡದ ಮೇಲೆ ಆಗಷ್ಟೇ ಏರಿದ ಸೂರ್ಯ ಎದುರಿಗೆ, ತುಸು ಬಲಕ್ಕೆ. ಕಂಬಿಗಳ ನೆರಳು ನೆಲದ ಮೇಲೆ ಓರೆಯಾಗಿ ಒಳಗೆ ಚಾಚಿರಲಿ. ಎಡಗೋಡೆಗೆ ಕಟ್ಟಿದ ತೆಂಗಿನ ನಾರಿನ ಹಗ್ಗದಲ್ಲಿ ಕೆಂಪು ಬಸಳೆ ಹಬ್ಬಿದೆ. ಇದೇ ಚಿತ್ರದ ಜೀವ: ದಪ್ಪ ಎಲೆಗಳ ಹಿಂದಿನಿಂದ ಬೆಳಕು ತೂರಿ ನರಗಳು ಕಾಣಬೇಕು, ದಂಟಿನ ಕೆಂಪು ಹೊಳೆಯಬೇಕು. ಬಲಮೂಲೆಯಲ್ಲಿ ಚಿರೇಕಲ್ಲಿನ ಮೇಲೆ ಅಬ್ಬಲಿಗೆಯ ಮಣ್ಣಿನ ಕುಂಡ, ಅಂಚಿನಲ್ಲಿ ಬಿಳಿ ಉಪ್ಪಿನ ಕಲೆ. ಕಂಬಿಗೆ ಒಂದೆಲಗದ ಎರಡು ಉದ್ದನೆಯ ತೊಟ್ಟಿಗಳು. ನಡುವೆ ಒಬ್ಬರು ನಡೆಯುವಷ್ಟು ಜಾಗ ಖಾಲಿ ಇರಲೇಬೇಕು. ಹೊಳಪಿನ ಪಿಂಗಾಣಿ, ಹುಲ್ಲುಹಾಸು, ಗುಲಾಬಿ ಬೇಡ.

ಎರಡನೆಯದು: ಅದೇ ಬಾಲ್ಕನಿ, ಅದೇ ಕೋನ, ಜುಲೈ ಬೆಳಗು. ನೆರಳಿಲ್ಲದ ಬೂದು ಬೆಳಕು. ಅಬ್ಬಲಿಗೆ ಇರಚಲು ತಾಗದಂತೆ ಬಾಗಿಲ ಪಕ್ಕಕ್ಕೆ ಬಂದಿದೆ. ಕುಂಡಗಳಿಗೆ ಹಸಿರು ಪಾಚಿ. ಒಂದೆಲಗ ತೊಟ್ಟಿ ಮೀರಿ ಇಳಿಬಿದ್ದಿದೆ.