ದಸರಾ ರಜೆಯಲ್ಲಿ ಇಂಗ್ಲಿಷ್ ಅಭ್ಯಾಸ: 7ನೇ ತರಗತಿ ಪೋಷಕರಿಗೆ ಪತ್ರ

ದಿನಾಂಕ: 18-9-2025

ಪ್ರೀತಿಯ ಪೋಷಕರೇ,

ನಮಸ್ಕಾರ. ಶನಿವಾರದಿಂದ ದಸರಾ ರಜೆ. ಈ ರಜೆಯಲ್ಲಿ ನಿಮ್ಮಿಂದ ನನಗೆ ದಿನಕ್ಕೆ ಹತ್ತು ನಿಮಿಷ ಬೇಕು. ಮಕ್ಕಳ ಇಂಗ್ಲಿಷಿಗಾಗಿ.

ಹೋದ ತಿಂಗಳ ಸಭೆಯಲ್ಲಿ ಒಬ್ಬ ತಾಯಿ, "ಟೀಚರ್, ನಾನು ಓದಿರೋದೇ ನಾಲ್ಕನೇ ಕ್ಲಾಸು, ಇಂಗ್ಲಿಷ್ ಏನು ಹೇಳಿಕೊಡಲಿ?" ಎಂದು ಕೇಳಿದರು. ಅಲ್ಲಿದ್ದ ತುಂಬಾ ಜನ ತಲೆಯಾಡಿಸಿದರು. ಈ ಪತ್ರ ಅವರಿಗೇ. ನೀವು ಇಂಗ್ಲಿಷ್ ಹೇಳಿಕೊಡುವುದು ಬೇಡ. ಕನ್ನಡದಲ್ಲಿ ಕೇಳಿ, ಮಗು ಇಂಗ್ಲಿಷಿನಲ್ಲಿ ಹೇಳಲಿ. ಇಂಗ್ಲಿಷ್ ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಎಲ್ಲರೂ ಓದಬಹುದು.

ನಮ್ಮ ಮಕ್ಕಳು ಎಡವುವುದು ಟೆನ್ಸ್‌ನಲ್ಲಿ, ಅಂದರೆ ಕಾಲದಲ್ಲಿ. ಅದಕ್ಕೆ ಕಾರಣವೂ ಇದೆ. ನಾವು "ದಿನಾ ಶಾಲೆಗೆ ಹೋಗುತ್ತೇನೆ" ಅನ್ನುತ್ತೇವೆ, "ನಾಳೆ ಸಂತೆಗೆ ಹೋಗುತ್ತೇನೆ" ಅಂತಲೂ ಅನ್ನುತ್ತೇವೆ. ಎರಡಕ್ಕೂ ಒಂದೇ 'ಹೋಗುತ್ತೇನೆ'. ಇಂಗ್ಲಿಷಿನಲ್ಲಿ ದಿನಾ ಹೋಗುವುದು 'ಐ ಗೋ', ನಾಳೆ ಹೋಗುವುದು 'ಐ ವಿಲ್ ಗೋ'. ಮಗು 'ವಿಲ್' ಬಿಟ್ಟರೆ ಅದು ದಡ್ಡತನ ಅಲ್ಲ, ಕನ್ನಡದಲ್ಲಿ ಯೋಚಿಸಿದೆ ಅಷ್ಟೇ.

ಹಾಗಾಗಿ ರಾತ್ರಿ ಊಟದ ಹೊತ್ತಿಗೆ ಮೂರೇ ಪ್ರಶ್ನೆ ಕೇಳಿ. "ದಿನಾ ಏನು ಮಾಡ್ತೀಯ? ನಿನ್ನೆ ಏನು ಮಾಡಿದೆ? ನಾಳೆ ಏನು ಮಾಡ್ತೀಯ?" ಒಂದೊಂದಕ್ಕೂ ಒಂದೊಂದು ವಾಕ್ಯ ಸಾಕು. 'ಎವೆರಿ ಡೇ ಐ ಗೋ ಟು ಸ್ಕೂಲ್. ಯೆಸ್ಟರ್‌ಡೇ ಐ ವೆಂಟ್ ಟು ದ ಫೀಲ್ಡ್. ಟುಮಾರೋ ಐ ವಿಲ್ ಗೋ ಟು ದ ಮಾರ್ಕೆಟ್.' ಎವೆರಿ ಡೇ ಅಂದರೆ ದಿನಾ, ಯೆಸ್ಟರ್‌ಡೇ ಅಂದರೆ ನಿನ್ನೆ, ಟುಮಾರೋ ಅಂದರೆ ನಾಳೆ. ನೀವು ಕಿವಿಗೊಡಬೇಕಾದ್ದು ಇಷ್ಟಕ್ಕೇ: ನಿನ್ನೆಯ ಮಾತಿನಲ್ಲಿ 'ವೆಂಟ್' ಬಂತಾ, ನಾಳೆಯ ಮಾತಿನಲ್ಲಿ 'ವಿಲ್' ಬಂತಾ?

ಈಗ ನಡೆಯುತ್ತಿರುವ ಕೆಲಸಕ್ಕೆ ಅಡುಗೆಮನೆಯೇ ಒಳ್ಳೆಯ ಜಾಗ. ರೊಟ್ಟಿ ತಟ್ಟುತ್ತಾ, "ನಾನೀಗ ಏನು ಮಾಡ್ತಾ ಇದ್ದೀನಿ?" ಅನ್ನಿ. 'ಯೂ ಆರ್ ಮೇಕಿಂಗ್ ರೊಟ್ಟಿ' ಅಂತ ಬರಬೇಕು. ಅಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದರೆ 'ಫಾದರ್ ಈಸ್ ಫೀಡಿಂಗ್ ದ ಕೌ'. ನಮ್ಮ 'ತಾ ಇದ್ದೀನಿ, ತಾ ಇದ್ದಾರೆ' ಇರುವ ಕಡೆ ಅಲ್ಲಿ 'ಇಂಗ್' ಕೇಳಿಸಬೇಕು. ಆ ಪದಕ್ಕಿಂತ ಮೊದಲು ಆಮ್, ಈಸ್, ಆರ್ ಮೂರರಲ್ಲಿ ಒಂದು ಇರಬೇಕು. ನಮ್ಮ ಮಕ್ಕಳು ಅದನ್ನೇ ನುಂಗಿಬಿಡುತ್ತಾರೆ, 'ಫಾದರ್ ಫೀಡಿಂಗ್' ಅಂದು ಮುಗಿಸುತ್ತಾರೆ.

ಇನ್ನೊಂದು ತಪ್ಪು ತರಗತಿಯಲ್ಲಿ ದಿನಾ ಕಾಣುತ್ತದೆ. ಮೊನ್ನೆ ಒಬ್ಬ ಹುಡುಗಿ 'ಐ ಡಿಡ್ ನಾಟ್ ವೆಂಟ್' ಎಂದು ಬರೆದಿದ್ದಳು. ನಿಯಮ ಹೇಳಲಿಲ್ಲ, "ಕನ್ನಡದಲ್ಲಿ ಹೋದಲಿಲ್ಲ ಅಂತೀಯಾ?" ಎಂದು ಕೇಳಿದೆ. ನಕ್ಕು, "ಇಲ್ಲ ಮಿಸ್, ಹೋಗಲಿಲ್ಲ" ಅಂದಳು. "ಹಾಗಾದರೆ ಅಲ್ಲೂ 'ಹೋಗು'ವೇ ಇರಬೇಕು ಅಲ್ವಾ?" ಅಂದೆ. ತಾನೇ 'ವೆಂಟ್' ಹೊಡೆದು 'ಗೋ' ಬರೆದಳು. ಮನೆಯಲ್ಲೂ ಹೀಗೇ ಮಾಡಿ. 'ಡಿಡ್ ನಾಟ್' ಕೇಳಿಸಿದರೆ "ಹೋದಲಿಲ್ಲವೋ, ಹೋಗಲಿಲ್ಲವೋ?" ಅನ್ನಿ, ಸಾಕು.

ಗೋ ಹೇಗೆ ವೆಂಟ್ ಆಯ್ತು ಎಂದು ಮಕ್ಕಳು ಕೇಳಿದರೆ ಗಾಬರಿ ಬೇಡ. ನಮ್ಮಲ್ಲೂ ಮಾಡು 'ಮಾಡಿದ' ಆಗುತ್ತದೆ, ಆದರೆ ಕೊಡು 'ಕೊಟ್ಟ', ತಿನ್ನು 'ತಿಂದ', ಬಾ 'ಬಂದ' ಆಗುತ್ತದೆ. ಇದನ್ನು ಯಾವ ಮಗುವೂ ಬಾಯಿಪಾಠ ಮಾಡಿ ಕಲಿತಿಲ್ಲ, ನಿಮ್ಮ ಮಾತು ಕೇಳಿ ಕೇಳಿ ಬಂದಿದೆ. ಅಂಥ ಇಪ್ಪತ್ತು ಇಂಗ್ಲಿಷ್ ಪದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿವೆ: ಕಮ್–ಕೇಮ್, ಗಿವ್–ಗೇವ್, ಟೇಕ್–ಟುಕ್, ಬೈ–ಬಾಟ್, ಹೀಗೆ. ದಿನಕ್ಕೆ ಎರಡು ಸಾಕು. ಸುಮ್ನೆ ಉರು ಹೊಡೆಸಬೇಡಿ, ಅವತ್ತಿನ ಕೆಲಸಕ್ಕೆ ಸೇರಿಸಿ ಹೇಳಿಸಿ. ಅಂಗಡಿಯಿಂದ ಸಕ್ಕರೆ ತಂದ ದಿನ 'ಟುಡೇ ಐ ಬಾಟ್ ಶುಗರ್' ಅಂತ ಬರಲಿ.

ಕೈಮುಗಿದು ಒಂದು ಮಾತು. ತಪ್ಪಾದಾಗ ಬೈಯಬೇಡಿ, ಪಕ್ಕದ ಮನೆಯ ಕಾನ್ವೆಂಟ್ ಮಗುವಿನ ಜೊತೆ ಹೋಲಿಸಬೇಡಿ. ಒಮ್ಮೆ ಬೈಸಿಕೊಂಡ ಮಗುವಿನ ಬಾಯಿ ಆಮೇಲೆ ಬಿಡಿಸುವುದು ನನಗೆ ತುಂಬಾ ಕಷ್ಟ. ವಾಕ್ಯ ಪೂರ್ತಿ ಹೇಳಲು ಬಿಡಿ, ಆಮೇಲೆ "ಇದು ನಿನ್ನೆಯದೋ, ನಾಳೆಯದೋ?" ಎಂದು ಕೇಳಿ. ಬಹಳ ಸಲ ತಾವೇ ತಿದ್ದಿಕೊಳ್ಳುತ್ತಾರೆ. ಸರಿಯೋ ತಪ್ಪೋ ಗೊತ್ತಾಗದಿದ್ದರೆ ಆ ವಾಕ್ಯ ಬರೆದಿಡಲು ಹೇಳಿ, ನಾನು ನೋಡುತ್ತೇನೆ.

ದಿನಕ್ಕೆ ಮೂರು ವಾಕ್ಯ ನೋಟ್‌ಬುಕ್ಕಿನಲ್ಲಿ ಬರೆಸಿ, ಕೆಳಗೆ ನಿಮ್ಮ ಸಹಿ ಅಥವಾ ಹೆಬ್ಬೆಟ್ಟು ಇರಲಿ. ಹಬ್ಬದ ದಿನ ಬಿಟ್ಟರೂ ಪರವಾಗಿಲ್ಲ. ಶಾಲೆ ಶುರುವಾದ ದಿನ ನೋಟ್‌ಬುಕ್ ತಂದುಕೊಡಲಿ.

ಇತಿ,
ಸುಮಿತ್ರಾ ಟೀಚರ್
7ನೇ ತರಗತಿ, ಇಂಗ್ಲಿಷ್